ಮೂರು ಸ್ಕ್ರೀನಿಗೆ ಯಾವ ಕಂಟ್ರೋಲರ್?

ಸಾಗರದಲ್ಲಿ ಮಳೆ ಹಿಡಿದು ಕರೆಂಟು ಹೋದರೆ ನಮ್ಮನೆ ಆಟ ಟಿವಿಯಿಂದ ಫೋನಿಗೆ ಬರುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಇದಕ್ಕೆ ಸಲೀಸು: ಕನ್ಸೋಲಿಗೆ ತನ್ನದೇ ರೇಡಿಯೋ, ಫೋನಿಗೆ ಬ್ಲೂಟೂತ್. ಪೇರ್ ಬಟನ್ ಎರಡು ಸಲ ಒತ್ತಿದರೆ ಅತ್ತಿಂದಿತ್ತ ಹಾರುತ್ತದೆ. ಆದರೆ ಬ್ಲೂಟೂತ್ ಜಾಗ ಒಂದೇ. ಲ್ಯಾಪ್‌ಟಾಪಿಗೆ ಜೋಡಿಸಿದಿರೋ, ಫೋನ್ ಮರೆತುಹೋಗುತ್ತದೆ. ಬಟನ್ ಮೂರು ಸೆಕೆಂಡ್ ಒತ್ತಿಹಿಡಿದು ಮತ್ತೆ ಜೋಡಿಸಬೇಕು.

ಪಿಎಸ್5ರ ಡ್ಯುಯಲ್‌ಸೆನ್ಸ್ 2025ರ ಅಪ್‌ಡೇಟ್ ನಂತರ ನಾಲ್ಕು ಸಾಧನಗಳನ್ನು ನೆನಪಿಡುತ್ತದೆ. ಟಿವಿ, ಫೋನ್, ಲ್ಯಾಪ್‌ಟಾಪ್ ಮೂರೂ ಬಳಸುವವರಿಗೆ ನನ್ನ ಮತ ಇದಕ್ಕೇ.

ಫೋನಿನಲ್ಲಿ ತಡವಾಗುತ್ತದೆ ಎಂದು ಅಣ್ಣನ ಮಗ ಗೊಣಗುತ್ತಿದ್ದ. ನೋಡಿದರೆ ಬಟನ್ ಒತ್ತಿದ ತಕ್ಷಣ ಬೊಂಬೆ ಹಾರುತ್ತಿತ್ತು, ಸದ್ದು ಮಾತ್ರ ಹಿಂದೆ ಬೀಳುತ್ತಿತ್ತು. ತಪ್ಪು ಬ್ಲೂಟೂತ್ ಇಯರ್‌ಫೋನಿನದು. ತಂತಿಯದ್ದು ಹಾಕಿದ ಮೇಲೆ ಸರಿಹೋಯಿತು. ನೆಟ್ಟಿನಲ್ಲಿ ಸ್ಟ್ರೀಮ್ ಮಾಡಿ ಆಡುವಾಗ ಚಿತ್ರವೇ ತಡವಾದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ, 2.4ರಲ್ಲಿ ಬ್ಲೂಟೂತ್‌ಗೂ ಅದಕ್ಕೂ ಜಟಾಪಟಿ.