ಆರು ತಿಂಗಳ ರಜೆಗೆ ಆಟೋ ರಿಪ್ಲೈ: ಜಿಮೇಲ್, ಔಟ್‌ಲುಕ್, ವಾಟ್ಸಾಪ್ ಬಿಸಿನೆಸ್ ಮೂರೂ ಹಚ್ಚಿ ನೋಡಿದ್ದು

ನಾ ಕಲಬುರಗಿಯೊಳಗ ಒಂದು ದಾಲ್ ಮಿಲ್ಲಿನ ಆಫೀಸಿನಾಗ ಬಿಲ್ಲಿಂಗ್, ಡಿಸ್ಪ್ಯಾಚ್ ನೋಡ್ಕೋತೀನಿ. ಹೋದ ಸೀಜನ್ನಿಗೆ ಹೆರಿಗೆ ರಜೆ ತಗೊಂಡಿದ್ದೆ, 26 ವಾರ, ಡಿಸೆಂಬರ್ 1ರಿಂದ ಮೇ 31ರ ತನಕ, ಕ್ಯಾಲೆಂಡರ್ ಹಿಡ್ದು ಎಣಿಸಿದ್ರ ಬರೋಬ್ಬರಿ 182 ದಿನ. ಅದೂ ಎಂಥಾ ಟೈಮ್ ಅಂದ್ರ ಹೊಸಾ ತೊಗರಿ ಮಾರ್ಕೆಟ್ಟಿಗೆ ಬರೋ ಟೈಮು, ಹೈದರಾಬಾದ್, ಮುಂಬೈ ಪಾರ್ಟಿಗಳು ದಿನಾ ರೇಟ್ ಕೇಳ್ತಾರ, ಬಿಲ್ಟಿ ಕಳಸ್ರಿ ಅಂತಾರ. ಹಳೇ ಪಾರ್ಟಿಗಳೆಲ್ಲಾ ನನ್ನ ಜಿಮೇಲಿಗೇ ಕಳಸೋರು, ಹೊಸಬರು ಕಂಪನಿ ಐಡಿಗೆ, ಅದು ಔಟ್‌ಲುಕ್‌ದಾಗ ಅದ, ಉಳಿದವ್ರು ಸೀದಾ ವಾಟ್ಸಾಪ್. ಹಿಂಗಾಗಿ ಮೂರೂ ಕಡಿ ಆಟೋ ರಿಪ್ಲೈ ಹಚ್ಚಬೇಕಾಯ್ತು. ನವೆಂಬರ್ ಕಡೀ ವಾರದಾಗ ನಮ್ಮ ಮೈದುನನ್ನ ಕೂಡಿಸ್ಕೊಂಡು ಟೆಸ್ಟ್ ಮಾಡೀದೆ, ಆಮ್ಯಾಲ ಆರು ತಿಂಗಳು ಖರೇನೂ ಓಡಿಸಿ ನೋಡೀದೆ.

ಒಂದು ವಾರದ ರಜೆಗೆ ಯಾವ್ದು ಹಚ್ಚಿದ್ರೂ ನಡೀತದ್ರಿ. ಆರು ತಿಂಗಳಿಗೆ ಮಾತ್ರ ಫರಕ್ ಬೀಳ್ತದ. ಆ ಫರಕ್ ಎಲ್ಲದ ಅಂದ್ರ ಒಬ್ಬನೇ ಮನುಷ್ಯಾ ತಿರುಗಿ ಮೇಲ್ ಹಾಕಿದ್ರ ಅವನಿಗೆ ರಿಪ್ಲೈ ಮತ್ತ ಹೋಗ್ತದೋ ಇಲ್ಲೋ ಅನ್ನೋದ್ರಾಗ.

ಮೊದ್ಲು ಜಿಮೇಲ್. ಕಂಪ್ಯೂಟರಿನಾಗ ಸೆಟ್ಟಿಂಗ್ಸ್ ಚಕ್ರ ಒತ್ತಿ, See all settings ಒಳಗ ಹೋಗಿ, General ಟ್ಯಾಬಿನ ಪೂರಾ ಕೆಳಗ ಬಂದ್ರ Vacation responder ಅಂತದ. ಶುರು ತಾರೀಖು, ಕಡೀ ತಾರೀಖು, ಸಬ್ಜೆಕ್ಟ್, ಮೆಸೇಜ್ ಬರದು ಸೇವ್ ಮಾಡೋದು, ಅಷ್ಟೇ. ಸೇವ್ ಬಟನ್ ಪೇಜಿನ ಎಲ್ಲಕಿಂತ ಕೆಳಗ ಇರ್ತದ, ನಾ ಮೊದಲನೇ ಸಲ ಅದನ್ನ ಒತ್ತದೇ ಎದ್ದು ಬಂದು ಅರ್ಧಾ ದಿನ ಯಾಕ ಹೋಗವಲ್ದು ಅಂತ ಕುಂತಿದ್ದೆ. ಇಲ್ಲಿ ಟೈಮ್ ಹಾಕ್ಲಿಕ್ಕೆ ಬರಂಗಿಲ್ಲ, ಬರೀ ತಾರೀಖು, ಶುರು ದಿನದ ರಾತ್ರಿ 12ಕ್ಕ ಚಾಲೂ ಆಗಿ ಕಡೀ ದಿನ ರಾತ್ರಿ 11:59ಕ್ಕ ಬಂದ್ ಆಗ್ತದ.

ಮೈದುನ ಸೋಮವಾರ ಒಂದು ಮೇಲ್ ಹಾಕಿದ, ರಿಪ್ಲೈ ಹೋಯ್ತು. ಮಂಗಳವಾರ ಹಾಕಿದ, ಹೋಗ್ಲಿಲ್ಲ. ಇದು ಕೆಟ್ಟದ್ದಲ್ಲ, ಜಿಮೇಲ್‌ದಾಗ ಒಬ್ಬರಿಗೆ ನಾಲ್ಕು ದಿನಕ್ಕ ಒಮ್ಮೆ ಅಷ್ಟೇ ಹೋಗ್ತದ. ಆದ್ರ ಬುಧವಾರ ನಾ ಮೆಸೇಜಿನಾಗ ಎರಡು ಶಬ್ದ ತಿದ್ದೀದೆ, ಅವ ಮತ್ತ ಮೇಲ್ ಹಾಕಿದ ಕೂಡ್ಲೇ ಹೊಸಾ ರಿಪ್ಲೈ ಹೋಯ್ತು, ಯಾಕಂದ್ರ ಮೆಸೇಜ್ ತಿದ್ದಿದ್ರ ಎಣಿಕಿ ಮೊದಲಿಂದ ಶುರು ಆಗ್ತದ. ಟೆಸ್ಟ್ ಮಾಡೋರಿಗೆ ಇದು ಚಲೋನೇ ಆಯ್ತು, ನಾಲ್ಕು ದಿನ ಕಾಯೋದು ಬ್ಯಾಡ.

ಆ ಹೊಸಾ ರಿಪ್ಲೈ ನೋಡಿ ಮೈದುನ ಅಂದ, "ಅತ್ತಿಗೆ, ನಂಬರ್ ಕೊಡಬಾರ್ದು ಅಂದಿದ್ರಿ, ಕೆಳಗ ನಿಮ್ಮ ಮೊಬೈಲ್ ನಂಬರ್ ಅದಲ್ರಿ." ನೋಡಿದ್ರ ಹೌದು! ಮೆಸೇಜಿನಾಗಿಂದ ನಂಬರ್ ನಾನೇ ತಗದಿದ್ದೆ, ಆದ್ರ ಜಿಮೇಲ್ ನಮ್ಮ ಸಿಗ್ನೇಚರ್ ತಾನೇ ಕೆಳಗ ಅಂಟಿಸ್ತದ. ಹೆರಿಗೆ ಆಗಿ ಮೂರನೇ ದಿನ ಯಾರೋ "ಮೇಡಂ, ಲೋಡ್ ಯಾವಾಗ" ಅಂತ ಫೋನ್ ಮಾಡೋದು ಅಲ್ಲಿಗೇ ತಪ್ಪಿತು. ಸಿಗ್ನೇಚರಿನಾಗ ನಂಬರ್ ಇಟ್ಕೊಂಡೋರು ಇದೊಂದು ನೋಡ್ಕೋರಿ.

ಜಿಮೇಲಿನ ಕೊರತಿ ಅಂದ್ರ ಒಂದೇ ಮೆಸೇಜು. ಮಾಲಕರಿಗೂ ಅದೇ, ಮುಂಬೈ ಪಾರ್ಟಿಗೂ ಅದೇ, ನಮ್ಮ ಅಕ್ಕಗೂ ಅದೇ. ಬರೀ ಕಾಂಟ್ಯಾಕ್ಟಿನಾಗ ಇದ್ದವರಿಗೆ ಕಳಸು ಅಂತ ಒಂದು ಟಿಕ್ ಅದ, ನಾ ಹಾಕ್ಲಿಲ್ಲ, ನಮ್ಮಲ್ಲಿ ಅರ್ಧಾ ಪಾರ್ಟಿಗಳನ್ನ ಯಾರು ಸೇವ್ ಮಾಡ್ಕೊಂಡಾರ? ಸ್ಪ್ಯಾಮಿಗೆ ಬಿದ್ದ ಮೇಲಿಗೆ ಜಿಮೇಲ್ ಹೆಂಗೂ ರಿಪ್ಲೈ ಹಾಕಂಗಿಲ್ಲ, ಹಿಂಗಾಗಿ ಎಲ್ಲರಿಗೂ ಅಂತ ಬಿಟ್ರೂ ಭಾಳ ಹೆದರಿಕಿ ಇಲ್ಲ.

ಔಟ್‌ಲುಕ್ ನೋಡಿದ್ರ ಕೆಲಸದ ಆಫೀಸಿಗಂತೇ ಮಾಡಿದಂಗದ. File ಒಳಗ Automatic Replies ಅಂತದ, ಶುರು ಮುಕ್ತಾಯಕ್ಕ ಟೈಮೂ ಹಾಕ್ಬಹುದು, ನಾ ನವೆಂಬರ್ 30ರ ಸಂಜಿ 5:30 ಅಂತ ಹಾಕೀದೆ. ಆಫೀಸಿನ ಒಳಗಿನವ್ರಿಗೆ ಒಂದು ಮೆಸೇಜು, ಹೊರಗಿನವ್ರಿಗೆ ಇನ್ನೊಂದು, ಎರಡು ಟ್ಯಾಬ್ ಬ್ಯಾರೆ ಬ್ಯಾರೆ ಅದಾವ. ಒಳಗಿನವ್ರಿಗೆ ಯಾವ ಫೈಲ್ ಯಾರ ಕಡಿ ಕೊಟ್ಟೀನಿ, ಹಳೇ ಬಿಲ್ಟಿ ಬುಕ್ ಯಾವ ಕಪಾಟಿನಾಗ ಅದ ಅಂತ ಉದ್ದಕ ಬರದೆ, ಹೊರಗಿನವ್ರಿಗೆ ಮೂರೇ ಸಾಲು. ಇನ್ನೊಂದು ಚಲೋದು, ಒಳಗಿನವ್ರು ನನ್ನ ಹೆಸರು ಟೈಪ್ ಮಾಡಿದ ಕೂಡ್ಲೇ, ಮೇಲ್ ಕಳಸೋಕಿಂತ ಮೊದ್ಲೇ, ಮ್ಯಾಲ ನನ್ನ ಮೆಸೇಜ್ ಕಾಣಸ್ತದ. ಜಿಮೇಲಿನಂಗ ಸಬ್ಜೆಕ್ಟ್ ಮಾತ್ರ ನಾವು ಬರೀಲಿಕ್ಕೆ ಬರಂಗಿಲ್ಲ, Automatic reply: ಅಂತ ಅದೇ ಹಚ್ಕೊಂಡು ಹೋಗ್ತದ.

ಟೆಸ್ಟಿನಾಗ ಒಂದು ಪೇಚು ಆಯ್ತು. ಮುನೀಮ್ ಕಾಕಾಗ ರಿಪ್ಲೈ ಬಂತು, ಮೈದುನಗ ಬರ್ಲಿಲ್ಲ. ಸ್ಪ್ಯಾಮಿನಾಗ ಹುಡುಕಿದ, ಅಲ್ಲೂ ಇಲ್ಲ. ನಮ್ಮ ಕಂಪ್ಯೂಟರ್ ನೋಡೋ ಹುಡುಗನ್ನ ಕೇಳಿದ್ರ, ಹೊರಗಿನ ಡೊಮೇನಿಗೆ ಆಟೋ ರಿಪ್ಲೈ ಹೋಗದಂಗ ಅಡ್ಮಿನ್ ಸೆಟ್ಟಿಂಗಿನಾಗ ಯಾವಾಗೋ ಬಂದ್ ಮಾಡಿ ಇಟ್ಟಿದ್ದ, ಮರ್ತೂ ಬಿಟ್ಟಿದ್ದ. ನನ್ನ ಸ್ಕ್ರೀನಿನಾಗ ಎಲ್ಲಾ ಸರಿ ಅದ ಅಂತೇ ತೋರಸ್ತಿತ್ತು ನೋಡ್ರಿ. ಹಿಂಗಾಗಿ ಆಫೀಸಿನ ಐಡಿಯಿಂದ ಟೆಸ್ಟ್ ಮಾಡಿ ಆಯ್ತು ಅಂದ್ಕೋಬ್ಯಾಡ್ರಿ, ಹೊರಗಿನ ಐಡಿಯಿಂದ ಒಂದು ಮೇಲ್ ಹಾಕಿಸ್ಲೇಬೇಕು.

ಇಷ್ಟೆಲ್ಲಾ ನೋಡಿ ಔಟ್‌ಲುಕ್ಕೇ ಗೆದ್ದದ ಅಂತ ಅಂದ್ಕೊಂಡು ತವರುಮನಿಗೆ ಹೋದೆ. ಮಾರ್ಚಿನಾಗ ಗೊತ್ತಾಯ್ತು ಅಲ್ಲ ಅಂತ. ಹೈದರಾಬಾದಿನ ಒಂದು ಪಾರ್ಟಿ ಡಿಸೆಂಬರ್ ಮೊದಲನೇ ವಾರ ಮೇಲ್ ಹಾಕಿದ್ರು, ರಿಪ್ಲೈ ಹೋಗಿತ್ತು, ಡಿಸ್ಪ್ಯಾಚ್ ಐಡಿಗೆ ಬರದು ಮಾಲ್ ತರಿಸ್ಕೊಂಡಿದ್ರು. ಮಾರ್ಚಿಗೆ ಅದನ್ನ ಮರ್ತು, ಹಳೇ ಮೇಲಿಗೇ ರಿಪ್ಲೈ ಒತ್ತಿ, 25 ಕ್ವಿಂಟಲ್ ಬೇಕು ಅಂತ ನನಗೇ ಬರದಾರ. ಆಟೋ ರಿಪ್ಲೈ ಹೋಗಿಲ್ಲ. ಒಂಬತ್ತು ದಿನ ಕಾದು ಸಿಟ್ಟಿಲೆ ಮಾಲಕರಿಗೆ ಫೋನ್ ಮಾಡಿದಾಗ ಎಲ್ಲಾ ತಿಳೀತು. ಔಟ್‌ಲುಕ್‌ದಾಗ ಒಬ್ಬರಿಗೆ ಒಮ್ಮೆ ರಿಪ್ಲೈ ಹೋತು ಅಂದ್ರ ಮುಗೀತು, ಅದನ್ನ ಆಫ್ ಮಾಡಿ ಮತ್ತ ಆನ್ ಮಾಡೋ ತನಕ ಅವ್ರಿಗೆ ತಿರುಗಿ ಹೋಗಂಗಿಲ್ಲ. ಹದಿನೈದು ದಿನದ ರಜೆಗೆ ಇದು ಮರ್ಯಾದಿ ಅನಸ್ತದ, ಆರು ತಿಂಗಳಿಗೆ ಇದೇ ತೂತು. ಅದೇ ಪಾರ್ಟಿ ಜಿಮೇಲಿಗೆ ಬರದಿದ್ರ ನಾಲ್ಕು ದಿನದ ಲೆಕ್ಕದಾಗ ಮತ್ತ ರಿಪ್ಲೈ ಹೋಗಿ ಅವತ್ತೇ ಗೊತ್ತಾಗ್ತಿತ್ತು.

ಇಲಾಜು ಸಣ್ಣದದ. ಫೋನಿನ ಔಟ್‌ಲುಕ್ ಆ್ಯಪಿನಾಗೂ ಆಟೋಮ್ಯಾಟಿಕ್ ರಿಪ್ಲೈ ಸೆಟ್ಟಿಂಗ್ ಅದ, ಪ್ರತಿ ತಿಂಗಳ 1ನೇ ತಾರೀಖಿಗೆ ಕೂಸು ಮಲಗಿದಾಗ ಒಮ್ಮೆ ಆಫ್ ಮಾಡಿ ಸೇವ್, ಮತ್ತ ಆನ್ ಮಾಡಿ ಸೇವ್. ಹಳೇ ಪಟ್ಟಿ ಅಳಸಿ ಹೋಗ್ತದ, ಎಲ್ಲರಿಗೂ ಹೊಸದಾಗಿ ಹೋಗ್ತದ. ಆನ್ ಮಾಡಿದ ಮ್ಯಾಲ ತಾರೀಖು ಮೊದಲಿನಂಗೇ ಅದನೋ ಅಂತ ಕಣ್ಣು ಹಾಯಿಸ್ರಿ.

ವಾಟ್ಸಾಪ್ ಬಿಸಿನೆಸ್ಸಿನ Away message ಬಗ್ಗೆ ಭಾಳ ಹೇಳೋದಿಲ್ಲ. ಯಾರಿಗೆ ಕಳಸಬೇಕು, ಯಾರಿಗೆ ಬ್ಯಾಡ ಅಂತ ಆರಿಸ್ಲಿಕ್ಕೆ ಇದ್ರಾಗ ಇದ್ದಷ್ಟು ಸವಲತ್ತು ಮೇಲಿನಾಗ ಇಲ್ಲ, ತಾರೀಖೂ ಹಾಕ್ಬಹುದು. ಆದ್ರ ಮೇಲಿನ ರಿಪ್ಲೈ ಸರ್ವರಿನಿಂದ ಹೋಗ್ತದ, ನನ್ನ ಕಂಪ್ಯೂಟರ್ ಬಂದ್ ಇದ್ರೂ ನಡೀತದ. ಇದು ಹಂಗಲ್ಲ, ಫೋನಿನಾಗ ನೆಟ್ ಚಾಲೂ ಇದ್ರ ಮಾತ್ರ ಹೋಗ್ತದ. ನಮ್ಮ ತವರುಮನಿ ಆಳಂದ ಕಡಿ ಒಂದು ಹಳ್ಳಿ, ಮಾಳಗಿ ಏರಿದ್ರ ನೆಟ್‌ವರ್ಕ್, ಇಳದ್ರ ಇಲ್ಲ. ಹದಿನೈದು ದಿನ ನೋಡಿ, ಸಿಮ್ಮನ್ನ ಆಫೀಸಿನ ಫೋನಿಗೆ ಹಾಕಿ ನನ್ನ ಬದಲಿ ಬಂದ ಹುಡುಗಿ ಕೈಯಾಗ ಕೊಟ್ಟುಬಿಟ್ಟೆ. ಮನುಷ್ಯಾರೇ ಉತ್ತರ ಕೊಡೋವಾಗ ಆ ಮೆಸೇಜ್ ಯಾಕ ಬೇಕು, ಬಂದ್ ಮಾಡೀದೆ. ಪರ್ಸನಲ್ ನಂಬರೇ ಆಫೀಸ್ ನಂಬರ್ ಮಾಡ್ಕೊಂಡೋರಿಗೆ ಈ ದಾರಿ ಇಲ್ಲ.

ಈಗ ಒಕ್ಕಣಿ. ಮೊದ್ಲು ನಾ ಬರದಿದ್ದು ಹಿಂಗಿತ್ತು: "ಹೆರಿಗೆ ರಜೆಯ ನಿಮಿತ್ತ ತವರೂರಿನಲ್ಲಿ ಇದ್ದೇನೆ. ನಿಮ್ಮ ಮೇಲ್ ನೋಡಿ ಆದಷ್ಟು ಬೇಗ ಉತ್ತರಿಸುತ್ತೇನೆ. ತುರ್ತು ಇದ್ದರೆ ಫೋನ್ ಮಾಡಿ." ಓದ್ಲಿಕ್ಕೆ ಸಭ್ಯ ಅದ, ಒಳಗ ಮೂರು ತಪ್ಪು. ಹೆರಿಗಿ, ತವರುಮನಿ ಇವೆಲ್ಲಾ ರೇಟ್ ಕೇಳೋ ಅಪರಿಚಿತನಿಗೆ ಯಾಕ ಬೇಕು, ಊರಾಗ ಮನಿ ಖಾಲಿ ಅದ ಅಂತ ಡಂಗುರ ಸಾರಿದಂಗ ಆಯ್ತು. "ಬೇಗ ಉತ್ತರಿಸುತ್ತೇನೆ" ಅನ್ನೋದು ಸುಳ್ಳು, ಅದನ್ನ ನಂಬಿ ಅವ್ರು ಕಾಯ್ತಾರ. ಇನ್ನ ತುರ್ತು ಅಂದ್ರ, ನಮ್ಮ ಧಂದೆದಾಗ ಯಾರಿಗೆ ತುರ್ತಿಲ್ರಿ? ಎಲ್ಲರೂ ಫೋನ್ ಮಾಡ್ತಾರ.

ಕಡೀಗೆ ನಿಂತಿದ್ದು ಇದು:

"ನಾನು ಜೂನ್ ಮೊದಲ ವಾರದವರೆಗೆ ರಜೆಯಲ್ಲಿದ್ದೇನೆ. ಈ ಮೇಲ್ ಅನ್ನು ಯಾರೂ ನೋಡುತ್ತಿಲ್ಲ, ಬೇರೆಯವರಿಗೆ ಫಾರ್ವರ್ಡ್ ಕೂಡ ಆಗುವುದಿಲ್ಲ. ಆರ್ಡರ್, ಬಿಲ್, ಬಿಲ್ಟಿ ವಿಷಯಕ್ಕೆ ದಯವಿಟ್ಟು ನಮ್ಮ ಡಿಸ್ಪ್ಯಾಚ್ ಐಡಿಗೆ ಮತ್ತೊಮ್ಮೆ ಕಳಿಸಿ."

ಕೆಳಗ ಆ ಐಡಿ, ಮಿಲ್ಲಿನ ಲ್ಯಾಂಡ್‌ಲೈನು. ಮುಂಬೈದವ್ರಿಗೆ ಕನ್ನಡ ಬರಂಗಿಲ್ಲ ಅಂತ ಇದೇ ಮೂರು ಸಾಲು ಮ್ಯಾಲ ಇಂಗ್ಲಿಷಿನಾಗ ಹಾಕಿದ್ದೆ. ಎರಡನೇ ಸಾಲು ಒರಟು ಅಂತ ಮಾಲಕರು ಮೂಗು ಮುರದ್ರು, ನಾ ತಗೀಲಿಲ್ಲ, ಅದನ್ನ ಓದಿದವ್ರೇ ತಿರುಗಿ ಕಳಸೋದು. ಬದಲಿ ಹುಡುಗಿ ಹೆಸರು ಹಾಕದೇ ಡಿಸ್ಪ್ಯಾಚ್ ಐಡಿ ಕೊಟ್ಟಿದ್ದು ಕೆಲಸಕ್ಕ ಬಂತು, ಫೆಬ್ರವರಿಯಾಗ ಆಕಿ ಬಿಟ್ಟು ಹೋಗಿ ಇನ್ನೊಬ್ಬಾಕಿ ಬಂದ್ಳು, ಮೆಸೇಜ್ ಮುಟ್ಟೋ ಪ್ರಸಂಗೇ ಬರ್ಲಿಲ್ಲ. "ಮೊದಲ ವಾರ" ಅಂತ ಸಡಿಲ ಬಿಟ್ಟಿದ್ದೂ ಬೇಕಂತೇ. ಸೆಟ್ಟಿಂಗಿನಾಗ ಕಡೀ ತಾರೀಖು ಜೂನ್ 7 ಅಂತ ಹಾಕಿದ್ದೆ, ಮೇ 31 ಹಾಕಿ ರಜೆ ನಾಲ್ಕು ದಿನ ಮುಂದ ಹೋದ್ರ ರಿಪ್ಲೈ ಸದ್ದಿಲ್ದೇ ಬಂದ್ ಆಗಿಬಿಡ್ತದ, ಯಾರೂ ನಮಗ ಹೇಳಂಗಿಲ್ಲ.

ಯಾವ ರಿಪ್ಲೈಗೂ ಬಗೆಹರೀದ ಒಂದು ಜಾತಿ ಮೇಲ್ ಅದ: ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಓಟಿಪಿ. ಮಷೀನು ನಮ್ಮ ಒಕ್ಕಣಿ ಓದಂಗಿಲ್ಲ. ರಜೆಗೆ ಹೋಗೋ ಮೊದ್ಲೇ ಅಲ್ಲಿ ರಿಜಿಸ್ಟರ್ ಆದ ಮೇಲ್, ಮೊಬೈಲ್ ಬದಲಿ ಮಾಡಿಸ್ರಿ.

ಮತ್ತೊಮ್ಮೆ ಹೋಗೋದು ಬಂದ್ರ ಎರಡೂ ಹಚ್ತೀನಿ, ಹೊರಗಿನ ಪಾರ್ಟಿಗಳಿಗೆ ನನಗ ಜಿಮೇಲಿನ ನಾಲ್ಕು ದಿನದ ಲೆಕ್ಕಾನೇ ಪಸಂದ್, ಒಳಗಿನವ್ರಿಗೆ ಔಟ್‌ಲುಕ್ಕು. ಜೂನ್ 1ಕ್ಕ ವಾಪಸ್ ಬಂದು ಜಿಮೇಲ್ ತೆಗದೆ, ಮ್ಯಾಲ ಪಟ್ಟಿ ಕಾಣಸ್ತು, End now ಒತ್ತೀದೆ. ಔಟ್‌ಲುಕ್ ಮರ್ತೆ. ಮಧ್ಯಾಹ್ನ ಬಾಜೂ ಟೇಬಲ್ಲಿನಿಂದ ಮುನೀಮ್ ಕಾಕಾ ಕೂಗಿದ್ರು, "ಯವ್ವಾ, ನೀ ಇಲ್ಲೇ ಕುಂತೀದಿ, ನೀ ರಜೆದಾಗ ಇದ್ದೀ ಅಂತ ನಿಂದೇ ಮೇಲ್ ಬಂದದ ನೋಡು."