ಮತ ಒಡೆಯುವವರು ನಿಂತರೆ: ಅಂಕಿ ಮತವೋ, ಟಿಕ್ ಮತವೋ?

ಈಶಾನ್ಯ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ೧, ೨, ೩ ಬರೆಯೋದು ಹೊಸದಲ್ಲ. ಅದು ಅಂಕಿ ಮತ: ಯಾರೂ ಅರ್ಧ ದಾಟದಿದ್ದರೆ ಅತಿ ಕಡಿಮೆ ಮತದವರನ್ನು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಆಯ್ಕೆಯವರಿಗೆ ಕೊಡೋದು. ಒಪ್ಪಿಗೆಯಾದ ಎಲ್ಲರಿಗೂ ಟಿಕ್ ಹಾಕಿ, ಜಾಸ್ತಿ ಟಿಕ್ ಬಂದವರನ್ನು ಗೆಲ್ಲಿಸೋದು ಟಿಕ್ ಮತ.

ಸಿಂಧನೂರು ಕಡೆಯ ಕಾಲುವೆ ಸಂಘವೊಂದನ್ನು ಸುಮ್ನೆ ಊಹಿಸಿ. ಚುನಾವಣೆಗೆ ಮೂವರು ನಿಂತಿದ್ದಾರೆ, 100 ಮತ. ಮೇಲ್ಭಾಗದವರಿಗೆ 39, ಕೊನೆಭಾಗದವರಿಗೆ 36, ಇಬ್ಬರಿಗೂ ನೀರು ಹಂಚೋಣ ಅನ್ನುವ ನಡುವಿನವರಿಗೆ 25. ಎರಡು ಕಡೆಯವರಿಗೂ ನಡುವಿನವರೇ ಎರಡನೇ ಆಯ್ಕೆ.

ಅಂಕಿ ಮತದಲ್ಲಿ ನಡುವಿನವರು ಮೊದಲು ಔಟ್. ಅವರ 25ರಲ್ಲಿ 15 ಮೇಲಕ್ಕೆ, 10 ಕೊನೆಗೆ ಹೋದರೆ 54–46, ಮೇಲ್ಭಾಗದ ಗೆಲುವು. ಆದರೆ ಕೊನೆಭಾಗದವರು ನಿಲ್ಲದೇ ಇದ್ದಿದ್ದರೆ? ಆ 36 ನಡುವಿನವರಿಗೆ ಸೇರಿ 61–39. ಮತ ಒಡೆದದ್ದು ಕೊನೆಭಾಗದವರೇ, ತಮಗೇ ನಷ್ಟ ಮಾಡಿಕೊಂಡು! 2022ರ ಆಗಸ್ಟ್‌ನಲ್ಲಿ ಅಮೆರಿಕದ ಅಲಾಸ್ಕಾ ರಾಜ್ಯದ ಸಂಸತ್ ಉಪಚುನಾವಣೆಯಲ್ಲಿ ಆಗಿದ್ದೂ ಇದೇ: ಪೇಲಿನ್, ಪೆಲ್ಟೋಲಾ ಇಬ್ಬರನ್ನೂ ನೇರಾನೇರ ಸೋಲಿಸಬಲ್ಲ ಬೆಗಿಚ್ ಮೊದಲೇ ಹೊರಬಿದ್ದರು, ಪೆಲ್ಟೋಲಾ ಗೆದ್ದರು.

ಟಿಕ್ ಮತದಲ್ಲಿ ಉಳಿದವರು ತಮ್ಮವರಿಗೆ ಮಾತ್ರ ಟಿಕ್ ಹಾಕಿ, ಆ 36 ಜನರಲ್ಲಿ 20 ಮಂದಿ ನಡುವಿನವರಿಗೂ ಟಿಕ್ ಹಾಕಿದರೆ ಸಾಕು, 45 ಆಗಿ ಗೆಲ್ಲುತ್ತಾರೆ. ಆದರೆ ಎಲ್ಲರೂ 'ನಮ್ಮವರಿಗೆ ಮಾತ್ರ' ಅಂದರೆ ಮತ್ತೆ 39, 36, 25. ಹಳೇ ಕಥೆಯೇ, ಅಲ್ವಾ?

ಮೂರನೆಯವರು ಐದಾರು ಮತದ ಆಸಾಮಿಯಾದರೆ ಅಂಕಿ ಮತ ಸಲೀಸು. ಆ ಮತ ಮುಂದಿನವರಿಗೆ ಹೋಗುತ್ತದೆ. ಮೂವರೂ ಸರಿಸಮ ಇದ್ದರೆ ನನ್ನ ಒಲವು ಟಿಕ್ ಕಡೆಗೆ.