40+20 ಆಫರ್‌ನ ನಿಜವಾದ ಉಳಿತಾಯ: ಮೂರು ಲೆಕ್ಕಗಳಲ್ಲಿ ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ‘ಉಳಿದದ್ದನ್ನು ಗುಣಿಸುವ’ ಲೆಕ್ಕಕ್ಕೆ. ಈ ಆಷಾಢದ ಆಫರ್‌ನಲ್ಲಿ ಮಿಕ್ಸಿ ತಗೊಳ್ಳುವಾಗ ಮೂರು ಲೆಕ್ಕಗಳನ್ನೂ ಹಾಕಿ ನೋಡಿದೆ. ಒಂದೇ ಮಾಡೆಲ್, ಎಂಆರ್‌ಪಿ 6,000 ರೂಪಾಯಿ. ಒಂದು ಅಂಗಡಿಯ ಬೋರ್ಡಿನಲ್ಲಿ ‘40% + 20%’, ಎದುರಿನ ಅಂಗಡಿಯಲ್ಲಿ ‘ಫ್ಲಾಟ್ 50%’. ಮೊದಲನೇ ಅಂಗಡಿಯ ಹುಡುಗ ‘ಒಟ್ಟು ಅರವತ್ತು ಪರ್ಸೆಂಟ್ ಮೇಡಂ’ ಅಂದ. ಅವನ ಮಾತು ನಿಜವಾದರೆ ಮಿಕ್ಸಿ 2,400ಕ್ಕೆ ಸಿಗಬೇಕು. ಸಿಗಲ್ಲ. ಎರಡನೇ ಡಿಸ್ಕೌಂಟ್ ಹಿಡಿಯುವುದು ಎಂಆರ್‌ಪಿ ಮೇಲಲ್ಲ, ಮೊದಲನೆಯದು ಕಳೆದು ಉಳಿದ ಹಣದ ಮೇಲೆ.

ನನ್ನ ಲೆಕ್ಕ ಹೀಗೆ. 40% ಹೋದರೆ 60% ಉಳಿಯುತ್ತದೆ. 6,000ದಲ್ಲಿ 60% ಅಂದರೆ 3,600. ಇದರಲ್ಲಿ 20% ಹೋದರೆ 80% ಉಳಿಯುತ್ತದೆ, ಅಂದರೆ 2,880. ಆರು ಎಂಟ್ಲ ನಲವತ್ತೆಂಟು, ಹಾಗಾಗಿ ನಾವು ಕೊಡುವುದು 48%, ಉಳಿತಾಯ 52%. ಮಗ್ಗಿ ಬಂದರೆ ಸಾಕು.

ಎರಡನೆಯದು ಕೋಚಿಂಗ್ ಕ್ಲಾಸಿನ ಶಾರ್ಟ್‌ಕಟ್: ಎರಡನ್ನೂ ಕೂಡಿಸಿ, ಅವುಗಳ ಗುಣಲಬ್ಧದ ನೂರನೇ ಒಂದು ಭಾಗ ಕಳೆಯಿರಿ. 40 + 20 − 8 = 52. ಬೇಗ ಆಗುತ್ತದೆ, ತಪ್ಪೂ ಇಲ್ಲ. ಆದರೆ ಮೂರನೇ ಡಿಸ್ಕೌಂಟ್ ಸೇರಿದರೆ ಬಂದ 52ನ್ನು ಇಟ್ಟುಕೊಂಡು ಪೂರಾ ಇನ್ನೊಂದು ಸಲ ಮಾಡಬೇಕು.

ಮೂರನೆಯದು ಮೊಬೈಲ್ ಕ್ಯಾಲ್ಕುಲೇಟರಿನ % ಗುಂಡಿ. ನನಗೆ ನಂಬಿಕೆ ಇಲ್ಲ, ಒಂದೊಂದು ಆ್ಯಪ್‌ನಲ್ಲಿ ಅದು ಒಂದೊಂದು ಥರ. ನೂರರಿಂದ ಪರೀಕ್ಷೆ ಮಾಡಿ:

```
100 − 40% − 20%
```

48 ಬಂದರೆ ಸರಿ. 40 ಬಂದರೆ ಅದು ಸುಮ್ನೆ ಎರಡನ್ನೂ ಕೂಡಿಸಿ ಕಳೆಯುತ್ತಿದೆ. 99.4 ಬಂದರೆ 40% ಅನ್ನುವುದನ್ನು ಬರೀ 0.4 ಎಂದು ಓದುತ್ತಿದೆ.

ಇಷ್ಟೇ ಆಗಿದ್ದರೆ 2,880 ಕೊಟ್ಟು ಮಿಕ್ಸಿ ತರುತ್ತಿದ್ದೆ. ಎದುರಿನ ಅಂಗಡಿಯ 3,000ಕ್ಕಿಂತ 120 ಕಡಿಮೆ ಅಲ್ವಾ? ಬಿಲ್ ಕೌಂಟರಿನಲ್ಲಿ ಸಿಕ್ಕಿತು ಕಿರಿಕಿರಿ. 20% ಬ್ಯಾಂಕ್ ಕಾರ್ಡಿಗೆ ಮಾತ್ರ. ಅದೂ ಬೋರ್ಡಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಗರಿಷ್ಠ ₹500’.

ಶಾರ್ಟ್‌ಕಟ್ ಕೈಕೊಡುವುದು ಇಲ್ಲೇ. ಅದು 52 ಎಂದು ಹೇಳಿ ಸುಮ್ಮನಾಗುತ್ತದೆ, ನಡುವಿನ ಮೊತ್ತ ತೋರಿಸುವುದಿಲ್ಲ. ನನ್ನ ಲೆಕ್ಕದಲ್ಲಿ 3,600 ಕಣ್ಣ ಮುಂದೆಯೇ ಇದೆ. ಅದರ 20% ಅಂದರೆ 720. ಆದರೆ ಸಿಗುವುದು 500 ಮಾತ್ರ. ಹಾಗಾಗಿ ಬಿಲ್ 3,100. ನಿಜವಾದ ಉಳಿತಾಯ 2,900, ಅಂದರೆ 48% ಚಿಲ್ಲರೆ. ಫ್ಲಾಟ್ 50% ಕೊಟ್ಟ ಎದುರಿನ ಅಂಗಡಿಯೇ ನೂರು ರೂಪಾಯಿ ಅಗ್ಗ.

ಮಿತಿ ಯಾವಾಗ ಅಡ್ಡ ಬರುತ್ತದೆ ಎಂದು ಮೊದಲೇ ತಿಳಿಯಬಹುದು. 500 ಎನ್ನುವುದು 2,500ರ 20%. ಮೊದಲ ಡಿಸ್ಕೌಂಟ್ ಕಳೆದ ಮೇಲೆ ಬೆಲೆ 2,500 ದಾಟಿದರೆ ಎರಡನೆಯದು ಬೋರ್ಡಿನಲ್ಲಿರುವಷ್ಟು ಸಿಗುವುದಿಲ್ಲ. ಬೆಲೆ ಜಾಸ್ತಿ ಆದಷ್ಟೂ ಆ 20% ಸವೆಯುತ್ತಾ ಹೋಗುತ್ತದೆ. ಈ ಎರಡು ಅಂಗಡಿಗಳ ಮಟ್ಟಿಗೆ ಎಂಆರ್‌ಪಿ 5,000 ಇದ್ದರೆ ಎರಡೂ ಕಡೆ 2,500, ಸಮ. ಅದಕ್ಕಿಂತ ಮೇಲಿದ್ದರೆ ಫ್ಲಾಟ್ ಅಂಗಡಿ, ಕೆಳಗಿದ್ದರೆ 40+20 ಅಂಗಡಿ ಲಾಭ.

ಇನ್ನೊಂದು ಮಾತು. ಬರೀ ಪರ್ಸೆಂಟ್ ಆದರೆ ಯಾವುದನ್ನು ಮೊದಲು ಕಳೆದರೂ ಒಂದೇ. 20 ಆದಮೇಲೆ 40 ಹಿಡಿದರೂ 2,880 ಬರುತ್ತದೆ. ಮಿತಿ ಇದ್ದಾಗ ಹಾಗಲ್ಲ. ಮೊದಲೇ 500 ಕಳೆದು 5,500ರ ಮೇಲೆ 40% ಹಿಡಿದರೆ ಬಿಲ್ 3,300. 40% ಮೊದಲು ಹಿಡಿದರೆ 3,100. ರೂಪಾಯಿ ಲೆಕ್ಕದ ಕೂಪನ್ನಿಗೂ ಇದೇ ಮಾತು, ಅದು ಕೊನೆಗೆ ಬಂದರೆ ನಮಗೆ ಒಳ್ಳೆಯದು.

ಶಾರ್ಟ್‌ಕಟ್ ಪರೀಕ್ಷೆ ಬರೆಯುವ ಮಕ್ಕಳಿಗೆ ಇರಲಿ. ನಾನು ಯುಪಿಐನಲ್ಲಿ ದುಡ್ಡು ಕೊಡುವವಳು, ಆ ಬ್ಯಾಂಕಿನ ಕಾರ್ಡ್ ನನ್ನ ಹತ್ತಿರ ಇಲ್ಲ. ಹಾಗಾಗಿ ನನಗೆ ಅಲ್ಲಿ ಸಿಗುತ್ತಿದ್ದುದು 40% ಮಾತ್ರ, ಬಿಲ್ 3,600. ರಸ್ತೆ ದಾಟಿ 3,000 ಕೊಟ್ಟು ಮಿಕ್ಸಿ ತಂದೆ. ನಿಮ್ಮ ಹತ್ತಿರ ಕಾರ್ಡ್ ಇದ್ದು, ತಗೊಳ್ಳುವುದು 3,500ರ ಮಿಕ್ಸಿ ಆದರೆ, 40+20 ಅಂಗಡಿಯಲ್ಲಿ 1,680 ಆಗುತ್ತದೆ, ಫ್ಲಾಟ್ ಅಂಗಡಿಯಲ್ಲಿ 1,750. ಆ 70 ರೂಪಾಯಿ ಬಿಡಬೇಡಿ.